ಆಪ್-ಆಂಪ್ ಗೇನ್ ಲೆಕ್ಕಕ್ಕೆ ತಾಳೆಯಾಗದಿದ್ದಾಗ: 741 ಸರ್ಕಿಟ್‌ನಲ್ಲಿ ದೋಷ ಪತ್ತೆ

ಇನ್ವರ್ಟಿಂಗ್ ಅಥವಾ ನಾನ್-ಇನ್ವರ್ಟಿಂಗ್ ಆಂಪ್ಲಿಫೈಯರನ್ನು ಬ್ರೆಡ್‌ಬೋರ್ಡ್ ಮೇಲೆ ಕಟ್ಟಿದವರಿಗೆ ಎದುರಾಗುವ ತೊಂದರೆ ಬಹುಪಾಲು ಎರಡು ಬಗೆಯದು. ಔಟ್‌ಪುಟ್ ಪವರ್ ಸಪ್ಲೈನ ಒಂದು ತುದಿಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ; ಇಲ್ಲವೇ ಔಟ್‌ಪುಟ್ ಸರಿಯಾಗಿ ಬರುವಂತೆ ತೋರಿದರೂ ಗೇನ್ ಲೆಕ್ಕಕ್ಕೆ ಹೊಂದುವುದಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ಐಸಿಯನ್ನು ಬದಲಿಸಿ ನೋಡುವುದು ಪ್ರಯೋಗಾಲಯಗಳಲ್ಲಿ ರೂಢಿಯಾಗಿದೆ. ಆದರೆ ದೋಷ ಐಸಿಯಲ್ಲಿರುವುದು ಕಡಿಮೆ, ಅದರ ಸುತ್ತಲಿನ ವೈರಿಂಗ್‌ನಲ್ಲಿರುವುದೇ ಹೆಚ್ಚು. ಗೇನ್ ಸೂತ್ರವನ್ನು ಪಡೆಯಲು ಬಳಸುವ ಎರಡು ಆದರ್ಶ ಊಹೆಗಳನ್ನು ಮಲ್ಟಿಮೀಟರ್‌ನಿಂದಲೇ ಪರೀಕ್ಷಿಸಬಹುದು. ಅವುಗಳಲ್ಲಿ ಯಾವುದು ಮುರಿದಿದೆ ಎಂಬುದು ತಿಳಿದರೆ ದೋಷದ ಜಾಗವೂ ಬಹುಮಟ್ಟಿಗೆ ತಿಳಿಯುತ್ತದೆ. ಈ ಕೈಪಿಡಿ ಅದೇ ದಾರಿಯನ್ನು ಅನುಸರಿಸುತ್ತದೆ.

ಪರೀಕ್ಷೆಗೆ ತೆಗೆದುಕೊಂಡ ಸರ್ಕಿಟ್

ಐಸಿ 741, ಸಪ್ಲೈ +12 ಮತ್ತು −12 ವೋಲ್ಟ್, R1 1 ಕಿಲೋಓಮ್, Rf 10 ಕಿಲೋಓಮ್, ಇನ್‌ಪುಟ್ 0.5 ವೋಲ್ಟ್ ಡಿಸಿ. ಐಸಿಯಲ್ಲಿ 2ನೇ ಪಿನ್ ಇನ್ವರ್ಟಿಂಗ್ ಇನ್‌ಪುಟ್, 3ನೇ ಪಿನ್ ನಾನ್-ಇನ್ವರ್ಟಿಂಗ್ ಇನ್‌ಪುಟ್, 6ನೇ ಪಿನ್ ಔಟ್‌ಪುಟ್, 7ನೇ ಪಿನ್ +12 ವೋಲ್ಟ್ ಮತ್ತು 4ನೇ ಪಿನ್ −12 ವೋಲ್ಟ್. ಎರಡೂ ಸರ್ಕಿಟ್‌ಗಳಲ್ಲಿ Rf 6ನೇ ಪಿನ್‌ನಿಂದ 2ನೇ ಪಿನ್‌ಗೇ ಬರುತ್ತದೆ. ಇನ್ವರ್ಟಿಂಗ್ ಸರ್ಕಿಟ್‌ನಲ್ಲಿ 3ನೇ ಪಿನ್ ಗ್ರೌಂಡ್‌ಗೆ ಸೇರಿ, ಇನ್‌ಪುಟ್ R1 ಮೂಲಕ 2ನೇ ಪಿನ್‌ಗೆ ಬರುತ್ತದೆ. ನಾನ್-ಇನ್ವರ್ಟಿಂಗ್‌ನಲ್ಲಿ ಇನ್‌ಪುಟ್ ನೇರವಾಗಿ 3ನೇ ಪಿನ್‌ಗೆ ಹೋಗುತ್ತದೆ, R1ನ ಇನ್ನೊಂದು ತುದಿ ಗ್ರೌಂಡ್‌ಗೆ ಇಳಿಯುತ್ತದೆ.

ಮೊದಲ ಊಹೆ ಎಂದರೆ, 2 ಮತ್ತು 3ನೇ ಪಿನ್‌ಗಳ ಒಳಕ್ಕೆ ಕರೆಂಟ್ ಹರಿಯುವುದಿಲ್ಲ. ಎರಡನೆಯದು, ಫೀಡ್‌ಬ್ಯಾಕ್ ನೆಗೆಟಿವ್ ಆಗಿದ್ದು ಔಟ್‌ಪುಟ್ ತುದಿ ಮುಟ್ಟದೆ ಇರುವಾಗ ಆ ಎರಡು ಪಿನ್‌ಗಳ ವೋಲ್ಟೇಜ್ ಒಂದೇ ಆಗಿರುತ್ತದೆ. ಎರಡನೆಯ ಊಹೆಯ ಹಿಂದೆ ಐಸಿಯ ಭಾರಿ ಓಪನ್ ಲೂಪ್ ಗೇನ್ ಇದೆ. 741ರಲ್ಲಿ ಅದು ಸಾಮಾನ್ಯವಾಗಿ ಎರಡು ಲಕ್ಷದಷ್ಟಿರುವುದರಿಂದ ಔಟ್‌ಪುಟ್‌ನಲ್ಲಿ 5 ವೋಲ್ಟ್ ಬರಬೇಕಾದರೆ ಇನ್‌ಪುಟ್ ಪಿನ್‌ಗಳ ನಡುವೆ 25 ಮೈಕ್ರೋವೋಲ್ಟ್ ವ್ಯತ್ಯಾಸ ಸಾಕು, ಮತ್ತು ಅಷ್ಟು ಸಣ್ಣ ವ್ಯತ್ಯಾಸವನ್ನು ಸೊನ್ನೆ ಎಂದೇ ಲೆಕ್ಕ ಹಿಡಿಯಬಹುದು.

ಇನ್ವರ್ಟಿಂಗ್ ಸರ್ಕಿಟ್‌ನಲ್ಲಿ 3ನೇ ಪಿನ್ ಸೊನ್ನೆಯಲ್ಲಿರುವುದರಿಂದ 2ನೇ ಪಿನ್ ಕೂಡ ಸೊನ್ನೆಯಲ್ಲೇ ಇರಬೇಕು. ಹಾಗಾದರೆ R1ನ ಮೇಲೆ ಇಡೀ 0.5 ವೋಲ್ಟ್ ಬಿದ್ದು ಅದರಲ್ಲಿ 0.5 ಮಿಲಿಆಂಪಿಯರ್ ಹರಿಯುತ್ತದೆ. ಪಿನ್ ಒಳಕ್ಕೆ ಹೋಗಲು ದಾರಿಯಿಲ್ಲದ ಆ ಕರೆಂಟ್ ಪೂರ್ತಿಯಾಗಿ Rf ಮೂಲಕವೇ ಸಾಗಿ ಅಲ್ಲಿ 5 ವೋಲ್ಟ್ ಬೀಳಿಸುವುದರಿಂದ ಔಟ್‌ಪುಟ್ −5 ವೋಲ್ಟ್ ಆಗುತ್ತದೆ. ನಾನ್-ಇನ್ವರ್ಟಿಂಗ್‌ನಲ್ಲಿ 2ನೇ ಪಿನ್ 3ನೇ ಪಿನ್‌ನ 0.5 ವೋಲ್ಟನ್ನೇ ಹಿಂಬಾಲಿಸುತ್ತದೆ. R1ನಲ್ಲಿ ಗ್ರೌಂಡ್‌ಗೆ ಇಳಿಯುವ 0.5 ಮಿಲಿಆಂಪಿಯರ್ Rf ಮೂಲಕ ಬರಬೇಕಾದ್ದರಿಂದ ಔಟ್‌ಪುಟ್ 0.5 ಮತ್ತು 5 ಸೇರಿ 5.5 ವೋಲ್ಟ್ ಆಗುತ್ತದೆ.

```
ಇನ್ವರ್ಟಿಂಗ್:        Vo = -(Rf/R1) × Vin      → -10 × 0.5 = -5 V
ನಾನ್-ಇನ್ವರ್ಟಿಂಗ್:    Vo = (1 + Rf/R1) × Vin   →  11 × 0.5 = 5.5 V
```

ನಾನ್-ಇನ್ವರ್ಟಿಂಗ್ ಸರ್ಕಿಟ್‌ನಲ್ಲಿ 5 ವೋಲ್ಟ್ ನಿರೀಕ್ಷಿಸಿ 5.5 ಕಂಡು ದೋಷ ಹುಡುಕಲು ಹೊರಡುವವರಿದ್ದಾರೆ. ಅಲ್ಲಿ ದೋಷವಿಲ್ಲ, ಸೂತ್ರದಲ್ಲಿರುವ 1 ಅನ್ನು ಮರೆತಿರುತ್ತಾರೆ ಅಷ್ಟೆ.

ಮೊದಲು ಪವರ್, ಆಮೇಲೆ ಉಳಿದದ್ದು

741ಕ್ಕೆ ಗ್ರೌಂಡ್ ಪಿನ್ ಇಲ್ಲ. ಆದ್ದರಿಂದ ಡ್ಯುಯಲ್ ಸಪ್ಲೈನ + ಮತ್ತು − ತುದಿಗಳನ್ನು ತಂದು, ನಡುವಿನ COM ತುದಿಯನ್ನು ಬೋರ್ಡ್‌ಗೆ ತರುವುದನ್ನೇ ಬಿಟ್ಟಿರುವುದು ಸಾಮಾನ್ಯ. ಆಗ 7 ಮತ್ತು 4ನೇ ಪಿನ್‌ಗಳ ನಡುವೆ ಅಳೆದರೆ 24 ವೋಲ್ಟ್ ಸರಿಯಾಗಿಯೇ ಬರುತ್ತದೆ, ಅದನ್ನು ನಂಬಿ ಮುಂದೆ ಹೋದರೆ ದೋಷ ಸಿಗುವುದಿಲ್ಲ. ಮೀಟರ್‌ನ ಕಪ್ಪು ಪ್ರೋಬನ್ನು ಸಿಗ್ನಲ್‌ನ ಗ್ರೌಂಡ್ ಬಿಂದುವಿನ ಮೇಲಿಟ್ಟು, ಕೆಂಪು ಪ್ರೋಬನ್ನು ಐಸಿಯ ಕಾಲಿನ ಮೇಲೇ ಒತ್ತಿ, +12 ಮತ್ತು −12 ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಕಾಲಿನ ಮೇಲೇ ಎಂದು ಹೇಳಲು ಕಾರಣವಿದೆ: ಉದ್ದನೆಯ ಎಷ್ಟೋ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಪವರ್ ಸಾಲು ನಡುವೆ ತುಂಡಾಗಿರುತ್ತದೆ, ಅರ್ಧ ಬೋರ್ಡ್‌ಗೆ ಬಂದ ಪವರ್ ಇನ್ನರ್ಧಕ್ಕೆ ಹೋಗಿರುವುದಿಲ್ಲ.

2 ಮತ್ತು 3ರ ನಡುವಿನ ಅಳತೆ

ಪವರ್ ಸರಿಯಿದ್ದರೆ ಮೀಟರನ್ನು ಡಿಸಿ ಮಿಲಿವೋಲ್ಟ್ ರೇಂಜ್‌ಗೆ ಇಟ್ಟು 2 ಮತ್ತು 3ನೇ ಪಿನ್‌ಗಳ ನಡುವೆ ನೇರವಾಗಿ ಅಳೆಯಬೇಕು. ಅಗ್ಗದ 741ರಲ್ಲಿ ಆಫ್‌ಸೆಟ್ ವೋಲ್ಟೇಜ್ 6 ಮಿಲಿವೋಲ್ಟ್‌ವರೆಗೂ ಇರಬಹುದು, ಆದ್ದರಿಂದ ಮೀಟರ್ ಕೆಲವು ಮಿಲಿವೋಲ್ಟ್ ತೋರಿಸಿದರೆ ಎರಡನೆಯ ಊಹೆ ನಿಂತಿದೆ ಎಂದೇ ಅರ್ಥ. ನೂರಾರು ಮಿಲಿವೋಲ್ಟ್ ಬಂದರೆ ಅದು ಮುರಿದಿದೆ. ಅಂಥ ಸರ್ಕಿಟ್‌ನಲ್ಲಿ ಗೇನ್ ಸೂತ್ರ ಅನ್ವಯವೇ ಆಗುವುದಿಲ್ಲವಾದ್ದರಿಂದ ಗೇನ್ ಏಕೆ ಹತ್ತಲ್ಲ ಎಂದು ಕೇಳುವುದೂ ವ್ಯರ್ಥ.

ಊಹೆ ಮುರಿದಿರುವಾಗ ಕೇಳಬೇಕಾದ ಮುಂದಿನ ಪ್ರಶ್ನೆ ಐಸಿ ತನ್ನ ಕೆಲಸ ಮಾಡುತ್ತಿದೆಯೇ ಎಂಬುದು. 3ನೇ ಪಿನ್ 2ಕ್ಕಿಂತ ಮೇಲಿದ್ದರೆ ಔಟ್‌ಪುಟ್ ಪಾಸಿಟಿವ್ ತುದಿಯಲ್ಲಿರಬೇಕು, ಕೆಳಗಿದ್ದರೆ ನೆಗೆಟಿವ್ ತುದಿಯಲ್ಲಿರಬೇಕು. ಪ್ಲಸ್-ಮೈನಸ್ 12 ವೋಲ್ಟ್ ಸಪ್ಲೈಗೆ 741ರ ಔಟ್‌ಪುಟ್ ಸುಮಾರು 10.5 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ, 12 ಮುಟ್ಟುವುದಿಲ್ಲ. ಪಿನ್‌ಗಳ ವ್ಯತ್ಯಾಸದ ಚಿಹ್ನೆಗೂ ಔಟ್‌ಪುಟ್‌ನ ಚಿಹ್ನೆಗೂ ಹೊಂದಾಣಿಕೆಯಿದ್ದರೆ ಐಸಿ ಸರಿಯಾಗಿದೆ, ಅದಕ್ಕೆ ತಪ್ಪು ವೋಲ್ಟೇಜ್ ಕೊಡುತ್ತಿರುವುದು ಹೊರಗಿನ ಸರ್ಕಿಟ್. ಹೊಂದಾಣಿಕೆಯಿಲ್ಲದಿದ್ದಾಗ ಮಾತ್ರ ಐಸಿಯನ್ನು ಅನುಮಾನಿಸಬೇಕು. ಅನುಮಾನ ಬಂದ ಐಸಿಯ 6ನೇ ಪಿನ್ನನ್ನು ನೇರವಾಗಿ 2ಕ್ಕೆ ಸೇರಿಸಿ, 3ನ್ನು ಗ್ರೌಂಡ್ ಮಾಡಿ ನೋಡಿದರೆ ಔಟ್‌ಪುಟ್ ಕೆಲವೇ ಮಿಲಿವೋಲ್ಟ್‌ನಲ್ಲಿರಬೇಕು. 3ಕ್ಕೆ 1 ವೋಲ್ಟ್ ಕೊಟ್ಟರೆ 1 ವೋಲ್ಟ್ ಬರಬೇಕು. ಇಷ್ಟು ಮಾಡಿದ ಐಸಿ ಬದುಕಿದೆ.

ಹೊರಗಿನ ದೋಷ ಯಾವುದೆಂದು ಹೇಳುವುದು ಪಿನ್‌ಗಳ ವೋಲ್ಟೇಜೇ. ಇನ್ವರ್ಟಿಂಗ್ ಸರ್ಕಿಟ್‌ನಲ್ಲಿ 2ನೇ ಪಿನ್ ಇನ್‌ಪುಟ್‌ನಷ್ಟೇ, ಅಂದರೆ 0.5 ವೋಲ್ಟ್ ತೋರಿಸಿ ಔಟ್‌ಪುಟ್ −10.5ರಲ್ಲಿದ್ದರೆ R1ನಲ್ಲಿ ಕರೆಂಟೇ ಹರಿಯುತ್ತಿಲ್ಲ, ಆದ್ದರಿಂದ Rf ಎಲ್ಲೋ ಬಿಟ್ಟುಹೋಗಿದೆ. ನಾನ್-ಇನ್ವರ್ಟಿಂಗ್‌ನಲ್ಲಿ ಅದೇ ದೋಷವಿದ್ದರೆ 2ನೇ ಪಿನ್ R1 ಮೂಲಕ ಗ್ರೌಂಡ್‌ಗೆ ಇಳಿದು ಸೊನ್ನೆ ತೋರಿಸುತ್ತದೆ, ಔಟ್‌ಪುಟ್ +10.5ಕ್ಕೆ ಹೋಗುತ್ತದೆ. ಇನ್ವರ್ಟಿಂಗ್ ಸರ್ಕಿಟ್‌ನಲ್ಲಿ ಇನ್‌ಪುಟ್ 1.5 ವೋಲ್ಟ್ ಆಗಿ ಔಟ್‌ಪುಟ್ −15 ವೋಲ್ಟ್ ಆಗಬೇಕಾದ ಸಂದರ್ಭದಲ್ಲಿ 2ನೇ ಪಿನ್ ಸುಮಾರು 0.41 ವೋಲ್ಟ್ ತೋರಿಸುತ್ತದೆ. ಅಲ್ಲಿ ಏನೂ ಕೆಟ್ಟಿಲ್ಲ, ಕೇಳಿದಷ್ಟನ್ನು ಕೊಡಲು ಸಪ್ಲೈ ಸಾಲದು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು 2 ಮತ್ತು 3ನೇ ಪಿನ್‌ಗಳು ಅದಲುಬದಲಾಗಿರುವುದು. ಐಸಿಯ ಗುರುತಿನ ಕಚ್ಚನ್ನು ಎಡಕ್ಕೆ ಹಿಡಿದು ನೋಡುವ ಬದಲು ಬಲಕ್ಕೆ ಹಿಡಿದು ಎಣಿಸಿದರೆ ಪವರ್ ಪಿನ್‌ಗಳೇ ತಪ್ಪುತ್ತವೆ, ಆದ್ದರಿಂದ ಆ ತಪ್ಪು ಬೇಗ ತಿಳಿಯುತ್ತದೆ. 2 ಮತ್ತು 3 ಮಾತ್ರ ಬದಲಾದಾಗ ಹಾಗೇನೂ ಆಗುವುದಿಲ್ಲ. ಕಾಗದದ ಮೇಲೂ ಈ ತಪ್ಪು ಕಾಣುವುದಿಲ್ಲ: ಎರಡು ಪಿನ್‌ಗಳ ವೋಲ್ಟೇಜ್ ಸಮ ಎಂದು ಬರೆದುಕೊಂಡು ಲೆಕ್ಕ ಮಾಡಿದರೆ ಅದಲುಬದಲಾದ ಸರ್ಕಿಟ್‌ಗೂ −Rf/R1 ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಸಮೀಕರಣದಲ್ಲಿ ಯಾವ ಪಿನ್ ಪ್ಲಸ್, ಯಾವುದು ಮೈನಸ್ ಎಂಬ ಮಾಹಿತಿ ಎಲ್ಲೂ ಬರುವುದಿಲ್ಲ. ಫೀಡ್‌ಬ್ಯಾಕ್ ನೆಗೆಟಿವ್ ಆಗಿರಬೇಕೆಂಬ ಷರತ್ತನ್ನು ಎರಡನೆಯ ಊಹೆಯ ಜೊತೆಗೇ ಹೇಳಿದ್ದು ಇದಕ್ಕಾಗಿಯೇ.

ಬೋರ್ಡ್ ಮೇಲೆ ಆಗುವುದು ಬೇರೆ. ಫೀಡ್‌ಬ್ಯಾಕ್ ಪಾಸಿಟಿವ್ ಆಗಿರುವುದರಿಂದ ಔಟ್‌ಪುಟ್ ಯಾವುದೋ ಒಂದು ತುದಿಗೆ ಹಾರಿ ತನ್ನನ್ನು ತಾನೇ ಅಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. +10.5ರಲ್ಲಿ ನಿಂತಿದೆ ಎಂದುಕೊಂಡರೆ, ಎರಡು ರೆಸಿಸ್ಟರ್‌ಗಳು ಸೇರುವ ಬಿಂದುವಿನ ವೋಲ್ಟೇಜ್ ಹೀಗಿರುತ್ತದೆ:

```
V = (Vin×Rf + Vo×R1) / (R1 + Rf)
  = (0.5×10 + 10.5×1) / 11 = 1.41 V
```

ಆ ಬಿಂದು ಈಗ 3ನೇ ಪಿನ್‌ನಲ್ಲಿದೆ, 2ನೇ ಪಿನ್ ಗ್ರೌಂಡ್‌ನಲ್ಲಿದೆ. ಆದ್ದರಿಂದ ಔಟ್‌ಪುಟ್ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಅದೇ ಇನ್‌ಪುಟ್‌ಗೆ ಔಟ್‌ಪುಟ್ −10.5ರಲ್ಲಿ ನಿಂತಿದ್ದರೂ ಆ ಬಿಂದು −0.5 ವೋಲ್ಟ್ ಆಗಿ ಅದೂ ಸ್ಥಿರವೇ. ಹಾಗಾಗಿ ಪವರ್ ಆಫ್ ಮಾಡಿ ಆನ್ ಮಾಡಿದಾಗ ಒಮ್ಮೆ ಪ್ಲಸ್, ಒಮ್ಮೆ ಮೈನಸ್ ಬರಬಹುದು. ಗುರುತಿಸುವುದು ಸುಲಭ: ಇನ್‌ಪುಟ್ಟನ್ನು ಸೊನ್ನೆಗೆ ಇಳಿಸಿದರೂ ಔಟ್‌ಪುಟ್ ಕದಲುವುದಿಲ್ಲ, −1.05 ವೋಲ್ಟ್ ದಾಟಿಸಿದಾಗ ಮಾತ್ರ ಒಮ್ಮೆಲೇ ಇನ್ನೊಂದು ತುದಿಗೆ ಹಾರುತ್ತದೆ. ಇದು ಆಂಪ್ಲಿಫೈಯರ್‌ನ ನಡವಳಿಕೆಯಲ್ಲ, ಷ್ಮಿಟ್ ಟ್ರಿಗರ್‌ನ ನಡವಳಿಕೆ.

ಪಿನ್‌ಗಳು ಸಮವಾಗಿವೆ, ಆದರೂ ಗೇನ್ ತಪ್ಪು

2 ಮತ್ತು 3ರ ನಡುವೆ ಮಿಲಿವೋಲ್ಟ್ ಮಾತ್ರ ಇದ್ದು ಔಟ್‌ಪುಟ್ ಲೆಕ್ಕಕ್ಕೆ ಹೊಂದದಿದ್ದರೆ ಐಸಿಯನ್ನು ಮುಟ್ಟಬೇಕಾಗಿಲ್ಲ. ಉಳಿಯುವುದು ರೆಸಿಸ್ಟರ್‌ಗಳು ಮತ್ತು ಇನ್‌ಪುಟ್ ಮೂಲ. ಶೇಕಡ 5ರ ರೆಸಿಸ್ಟರ್‌ಗಳಿಂದ ಕಟ್ಟಿದ ಹತ್ತರ ಗೇನ್ 9.05ರಿಂದ 11.05ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಆದ್ದರಿಂದ 9.4 ಬಂದಿದ್ದನ್ನು ದೋಷವೆಂದು ಬರೆಯಬಾರದು. ಅದರಾಚೆಗೆ ಹೋದಾಗ ಹುಡುಕುವುದು ಸರಿ.

ಒಂದು ಪ್ರಕರಣವನ್ನು ಪೂರ್ತಿಯಾಗಿ ನೋಡೋಣ. 0.5 ವೋಲ್ಟ್ ಇನ್‌ಪುಟ್‌ಗಾಗಿ 10 ಕಿಲೋಓಮ್‌ನ ಪೊಟೆನ್ಷಿಯೋಮೀಟರನ್ನು +12 ಮತ್ತು ಗ್ರೌಂಡ್ ನಡುವೆ ಹಾಕಿ, ನಡುವಿನ ಕಾಲಿನಲ್ಲಿ 0.5 ವೋಲ್ಟ್ ಬರುವಂತೆ ತಿರುಗಿಸಿ, ಆಮೇಲೆ ಅದನ್ನು R1ಗೆ ಜೋಡಿಸಲಾಗಿದೆ. ಔಟ್‌ಪುಟ್ −5ರ ಬದಲು ಸುಮಾರು −3.57 ವೋಲ್ಟ್ ಬರುತ್ತದೆ, ಗೇನ್ 7.1 ಎಂದು ದಾಖಲಾಗುತ್ತದೆ. ಅದೇ ಪೊಟೆನ್ಷಿಯೋಮೀಟರನ್ನು ಅದೇ ಜಾಗದಲ್ಲಿ ಬಿಟ್ಟು ನಾನ್-ಇನ್ವರ್ಟಿಂಗ್ ಸರ್ಕಿಟ್‌ಗೆ ಜೋಡಿಸಿದರೆ 5.5 ವೋಲ್ಟ್ ಸರಿಯಾಗಿ ಬರುತ್ತದೆ. ಐಸಿ ಅದೇ, ರೆಸಿಸ್ಟರ್‌ಗಳೂ ಅವೇ.

ಇಲ್ಲಿ 2 ಮತ್ತು 3ರ ನಡುವೆ ಅಳೆದರೆ ಒಂದೆರಡು ಮಿಲಿವೋಲ್ಟ್ ಸಿಗುತ್ತದೆ, ಅಂದರೆ ಎರಡನೆಯ ಊಹೆ ನಿಂತಿದೆ. ಮುಂದೆ ಮೊದಲ ಊಹೆಯನ್ನು ಪರೀಕ್ಷಿಸಲು R1ನ ಎರಡು ತುದಿಗಳ ನಡುವೆ ಮತ್ತು Rfನ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯಬೇಕು. R1ನ ಮೇಲೆ 0.357 ವೋಲ್ಟ್, Rfನ ಮೇಲೆ 3.57 ವೋಲ್ಟ್, ಎರಡರಲ್ಲೂ 0.357 ಮಿಲಿಆಂಪಿಯರ್. ಕರೆಂಟ್ ಎಲ್ಲೂ ಸೋರಿಹೋಗಿಲ್ಲ. ಎರಡು ಕರೆಂಟ್‌ಗಳು ಬೇರೆ ಬೇರೆ ಬಂದಿದ್ದರೆ ರೆಸಿಸ್ಟರ್‌ಗಳಲ್ಲೊಂದು ಅದರ ಬಣ್ಣ ಹೇಳುವ ಬೆಲೆಯದಲ್ಲ ಎಂದಾಗುತ್ತಿತ್ತು. ಮೂರನೆಯ ಪಟ್ಟಿ ಕೆಂಪೋ ಕಿತ್ತಳೆಯೋ ಎಂದು ಮಂದ ಬೆಳಕಿನಲ್ಲಿ ತಪ್ಪುವುದರಿಂದ ಕಿಲೋಓಮ್ ಒಂದರ ಜಾಗಕ್ಕೆ ಹತ್ತು ಬಂದು ಕೂರುವುದು ಹೊಸದೇನಲ್ಲ. ಈ ಪ್ರಕರಣದಲ್ಲಿ ಅದೂ ಇಲ್ಲ. ಗೇನ್ ಕೂಡ ಸರಿಯಾಗಿ ಹತ್ತೇ ಇದೆ. ತಪ್ಪಿರುವುದು ಇನ್‌ಪುಟ್ 0.5 ವೋಲ್ಟ್ ಎಂಬ ನಂಬಿಕೆ.

ಪೊಟೆನ್ಷಿಯೋಮೀಟರ್‌ನ ನಡುಗಾಲಿನಿಂದ ಕೆಳಗೆ ಸುಮಾರು 417 ಓಮ್, ಮೇಲೆ 9583 ಓಮ್ ಇದೆ. ಅವೆರಡೂ ಸಮಾಂತರವಾಗಿ ಸೇರಿದಾಗ ಮೂಲದ ಒಳರೋಧ ಸುಮಾರು 399 ಓಮ್ ಆಗುತ್ತದೆ. 2ನೇ ಪಿನ್ ವರ್ಚುವಲ್ ಗ್ರೌಂಡ್ ಆಗಿರುವುದರಿಂದ ಮೂಲಕ್ಕೆ R1 ನೇರವಾಗಿ ಗ್ರೌಂಡ್‌ಗೆ ಕಟ್ಟಿದ 1 ಕಿಲೋಓಮ್‌ನಂತೆಯೇ ಕಾಣುತ್ತದೆ.

```
Vin = 0.5 × 1000 / (1000 + 399) = 0.357 V
Vo  = -10 × 0.357 = -3.57 V
```

ಪಿನ್ ಒಳಕ್ಕೆ ಕರೆಂಟ್ ಹೋಗುವುದಿಲ್ಲ ಎಂಬುದನ್ನು ಸರ್ಕಿಟ್ ಕರೆಂಟನ್ನೇ ಎಳೆಯುವುದಿಲ್ಲ ಎಂದು ಓದಿಕೊಂಡಾಗ ಈ ತಪ್ಪು ಆಗುತ್ತದೆ. ಇನ್ವರ್ಟಿಂಗ್ ಆಂಪ್ಲಿಫೈಯರ್‌ನ ಇನ್‌ಪುಟ್ ರೋಧ ಎಂದರೆ R1, ಅಷ್ಟೇ. ನಾನ್-ಇನ್ವರ್ಟಿಂಗ್‌ನಲ್ಲಿ ಮೂಲ ನೇರವಾಗಿ ಪಿನ್‌ಗೆ ಸೇರುವುದರಿಂದ ಅಲ್ಲಿ ಮಾತ್ರ ಊಹೆಯ ಲಾಭ ಪೂರ್ತಿ ಸಿಗುತ್ತದೆ. ಪರಿಹಾರಗಳಲ್ಲಿ ಸುಲಭವಾದದ್ದು R1ನ್ನು 10, Rfನ್ನು 100 ಕಿಲೋಓಮ್ ಮಾಡುವುದು. ಆಗ ಔಟ್‌ಪುಟ್ −4.81 ವೋಲ್ಟ್‌ಗೆ ಬರುತ್ತದೆ. ಇನ್ನೂ ಹತ್ತಿರ ಬೇಕಿದ್ದರೆ ಮೂಲಕ್ಕೂ R1ಗೂ ನಡುವೆ ವೋಲ್ಟೇಜ್ ಫಾಲೋಯರ್ ಹಾಕಬೇಕು. ಏನೂ ಬದಲಿಸಲಾಗದಿದ್ದರೆ, ಜೋಡಿಸಿದ ನಂತರವೇ R1ನ ಮೂಲದ ಕಡೆಯ ತುದಿಯಲ್ಲಿ Vin ಅಳೆದು ಗೇನ್ ಬರೆಯುವುದು ಸರಿ. ಫಂಕ್ಷನ್ ಜನರೇಟರ್‌ಗೂ ಇದೇ ಮಾತು ಅನ್ವಯಿಸುತ್ತದೆ: ಅದರ 50 ಓಮ್ ಒಳರೋಧದಿಂದಲೇ ಹತ್ತರ ಗೇನ್ 9.52ರಂತೆ ಕಾಣುತ್ತದೆ.

ಪಿನ್‌ಗಳು ಸಮವಾಗಿದ್ದೂ ಔಟ್‌ಪುಟ್ ಕೆಡುವ ಇನ್ನೆರಡು ಸಣ್ಣ ಸಂಗತಿಗಳಿವೆ. R1 ಬಿಟ್ಟುಹೋದರೆ ಇನ್ವರ್ಟಿಂಗ್ ಸರ್ಕಿಟ್‌ನ ಔಟ್‌ಪುಟ್ ಸೊನ್ನೆಯಾಗುತ್ತದೆ, ನಾನ್-ಇನ್ವರ್ಟಿಂಗ್‌ನ ಗೇನ್ 1 ಆಗುತ್ತದೆ. Rf ಶಾರ್ಟ್ ಆದರೂ ಇದೇ ಫಲ. ಎರಡರಲ್ಲಿ ಯಾವುದು ಎಂಬುದನ್ನು ಪವರ್ ತೆಗೆದು ಓಮ್ ರೇಂಜ್‌ನಲ್ಲಿ ನೋಡಿದರೆ ತಿಳಿಯುತ್ತದೆ.

ನಿಧಾನವಾಗಿ ಜಾರುವ ಔಟ್‌ಪುಟ್

ನಾನ್-ಇನ್ವರ್ಟಿಂಗ್ ಸರ್ಕಿಟ್‌ಗೆ ಎಸಿ ಸಿಗ್ನಲನ್ನು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ 3ನೇ ಪಿನ್‌ಗೆ ಕೊಟ್ಟಾಗ ಒಂದು ವಿಚಿತ್ರ ಲಕ್ಷಣ ಕಾಣುತ್ತದೆ. ಪವರ್ ಕೊಟ್ಟ ಕೂಡಲೇ ಸಿಗ್ನಲ್ ಚೆನ್ನಾಗಿ ಬಂದು, ಆಮೇಲೆ ಪರದೆಯ ಮೇಲೆ ಕೆಳಗೆ ಕೆಳಗೆ ಜಾರುತ್ತಾ, ಕೊನೆಗೆ ನೆಗೆಟಿವ್ ತುದಿಯಲ್ಲಿ ಸಪಾಟಾಗುತ್ತದೆ. ಇಲ್ಲಿ ಮುರಿದಿರುವುದು ಮೊದಲ ಊಹೆ. 741ರ ಇನ್‌ಪುಟ್ ಪಿನ್ ಸುಮಾರು 80 ನ್ಯಾನೋಆಂಪಿಯರ್ ಬಯಾಸ್ ಕರೆಂಟನ್ನು ಒಳಕ್ಕೆ ಎಳೆಯುತ್ತದೆ. ಬೇರೆ ಡಿಸಿ ದಾರಿಯಿಲ್ಲದಿದ್ದರೆ ಅದು ಕೆಪಾಸಿಟರ್‌ನಿಂದಲೇ ಬರಬೇಕಾಗುತ್ತದೆ, ಆಗ 3ನೇ ಪಿನ್ ಸೆಕೆಂಡಿಗೆ 0.08 ವೋಲ್ಟ್‌ನಂತೆ ಇಳಿಯುತ್ತದೆ. 11ರ ಗೇನ್‌ನಲ್ಲಿ ಔಟ್‌ಪುಟ್ ಸೆಕೆಂಡಿಗೆ 0.88 ವೋಲ್ಟ್ ಇಳಿದು ಹನ್ನೆರಡು ಸೆಕೆಂಡಿನಲ್ಲಿ ತುದಿ ಮುಟ್ಟುತ್ತದೆ.

3ನೇ ಪಿನ್‌ಗೆ ಮೀಟರ್ ಇಟ್ಟ ಕೂಡಲೇ ಅದರ 10 ಮೆಗಾಓಮ್ ಒಳರೋಧವೇ ಒಂದು ಡಿಸಿ ದಾರಿಯಾಗಿ ಲಕ್ಷಣವನ್ನು ಬದಲಿಸಿಬಿಡುತ್ತದೆ, ಆದ್ದರಿಂದ ಈ ದೋಷವನ್ನು 6ನೇ ಪಿನ್‌ನಲ್ಲೇ ನೋಡುವುದು ಒಳ್ಳೆಯದು. ಪರಿಹಾರ 3ನೇ ಪಿನ್‌ನಿಂದ ಗ್ರೌಂಡ್‌ಗೆ ಒಂದು ರೆಸಿಸ್ಟರ್. 100 ಕಿಲೋಓಮ್ ಹಾಕಿದರೆ ಅದರ ಮೇಲೆ 8 ಮಿಲಿವೋಲ್ಟ್ ಬಿದ್ದು ಔಟ್‌ಪುಟ್‌ನಲ್ಲಿ 88 ಮಿಲಿವೋಲ್ಟ್ ಆಫ್‌ಸೆಟ್ ಉಳಿಯುತ್ತದೆ. ಅದೂ ಬೇಡವೆಂದರೆ 10 ಕಿಲೋಓಮ್ ಹಾಕಬಹುದು, ಆದರೆ ಆಗ 16 ಹರ್ಟ್ಜ್‌ಗಿಂತ ಕೆಳಗಿನ ಸಿಗ್ನಲ್ ಕ್ಷೀಣಿಸುತ್ತದೆ.

ಫ್ರೀಕ್ವೆನ್ಸಿ ಏರಿದಾಗ

ಡಿಸಿಯಲ್ಲಿ ಎಲ್ಲ ಅಳತೆಗಳೂ ಸರಿಯಿದ್ದು ಜನರೇಟರ್‌ನ ಫ್ರೀಕ್ವೆನ್ಸಿ ಏರಿಸಿದಾಗ ಮಾತ್ರ ಗೇನ್ ಬೀಳುವುದಾದರೆ ವೈರಿಂಗನ್ನು ಬಿಚ್ಚುವುದು ಬೇಡ. 1968ರಲ್ಲಿ ಫೇರ್‌ಚೈಲ್ಡ್ ಹೊರತಂದ 741ರೊಳಗೆ ಸ್ಥಿರತೆಗಾಗಿ 30 ಪಿಕೋಫ್ಯಾರಡ್‌ನ ಕೆಪಾಸಿಟರ್ ಇದೆ. ಬ್ರೆಡ್‌ಬೋರ್ಡ್ ಮೇಲಿನ ಸರ್ಕಿಟ್ ಆಸಿಲೇಟ್ ಆಗದೆ ಉಳಿಯುವುದು ಅದರಿಂದ. ಫ್ರೀಕ್ವೆನ್ಸಿ ಏರಿದಂತೆ ಓಪನ್ ಲೂಪ್ ಗೇನ್ ಕುಸಿದು ಎರಡನೆಯ ಊಹೆ ಸಡಿಲವಾಗುವುದೂ ಅದರಿಂದಲೇ. ಸುಮಾರು 1 ಮೆಗಾಹರ್ಟ್ಜ್‌ನಲ್ಲಿ ಆ ಗೇನ್ 1ಕ್ಕೆ ಇಳಿಯುವುದರಿಂದ ನಮ್ಮ ಎರಡೂ ಸರ್ಕಿಟ್‌ಗಳ ಬ್ಯಾಂಡ್‌ವಿಡ್ತ್ ಅದರ ಹನ್ನೊಂದನೇ ಒಂದು ಭಾಗ, ಅಂದರೆ ಸುಮಾರು 91 ಕಿಲೋಹರ್ಟ್ಜ್. ಇನ್ವರ್ಟಿಂಗ್‌ನ ಗೇನ್ ಹತ್ತೇ ಆದರೂ ಫೀಡ್‌ಬ್ಯಾಕ್ ಹಿಂದಕ್ಕೆ ತರುವುದು ಔಟ್‌ಪುಟ್‌ನ ಹನ್ನೊಂದನೇ ಒಂದು ಭಾಗವನ್ನಾದ್ದರಿಂದ ಅಲ್ಲೂ ಭಾಗಿಸಬೇಕಾದದ್ದು ಹನ್ನೊಂದರಿಂದಲೇ.

ದೊಡ್ಡ ಸಿಗ್ನಲ್‌ಗೆ ಇದಕ್ಕೂ ಮುಂಚೆಯೇ ಇನ್ನೊಂದು ಮಿತಿ ಎದುರಾಗುತ್ತದೆ. 741ರ ಔಟ್‌ಪುಟ್ ಒಂದು ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್‌ಗಿಂತ ವೇಗವಾಗಿ ಬದಲಾಗಲಾರದು, ಆದ್ದರಿಂದ 5 ವೋಲ್ಟ್ ಶಿಖರದ ಸೈನ್ ಅಲೆ 16 ಕಿಲೋಹರ್ಟ್ಜ್ ಹತ್ತಿರವೇ ತ್ರಿಕೋನದ ಆಕಾರಕ್ಕೆ ತಿರುಗತೊಡಗುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಇನ್‌ಪುಟ್ಟನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ ನೋಡಬೇಕು. ಆಕಾರವೂ ಗೇನೂ ಮರಳಿ ಬಂದರೆ ಅದು ಸ್ಲ್ಯೂ ರೇಟ್‌ನ ಮಿತಿ. ಆಕಾರ ಸೈನ್ ಆಗಿಯೇ ಇದ್ದು ಗೇನ್ ಮಾತ್ರ ಕಡಿಮೆಯಾಗಿಯೇ ಉಳಿದರೆ ಬ್ಯಾಂಡ್‌ವಿಡ್ತ್ ಸಾಲದಾಗಿದೆ, ಆಗ ಗೇನನ್ನು ಎರಡು ಹಂತಗಳಿಗೆ ಹಂಚಬೇಕು ಅಥವಾ ಇನ್ನೂ ವೇಗದ ಐಸಿಯನ್ನು ಹಾಕಬೇಕು.